ಹದಿನೈದು ನಿಮಿಷ ಅಂದ್ರೆ ಹದಿನೈದು ನಿಮಿಷ ಅಲ್ಲ

(ಭಾಗ 1)

ಫೈನಲ್ ಇಯರ್ ಗೆಳೆಯರೇ, ಈ ವಾರ ರಿವ್ಯೂ ಇರೋರೆಲ್ಲ ಒಂದ್ಸಲ ಪೂರ್ತಿ ಓದಿ. ಉದ್ದ ಇದೆ, ಅದಕ್ಕೇ ತುಂಡು ತುಂಡು ಮಾಡಿ ಹಾಕ್ತಿದ್ದೀನಿ.

ನಮ್ಮ ಗುಂಪಿನ ಮೊದಲ ರಿವ್ಯೂ ಹೇಗಾಯ್ತು ಅಂತ ಕೇಳಿದವರಿಗೆಲ್ಲ "ಪರವಾಗಿಲ್ಲ" ಅಂತ ಹೇಳಿ ತಪ್ಪಿಸಿಕೊಂಡಿದ್ದೆ. ನಿಜ ಹೇಳ್ತೀನಿ. ಪರವಾಗಿಲ್ಲ ಅನ್ನೋ ಹಾಗೇನೂ ಇರ್ಲಿಲ್ಲ. ಹದಿನಾರು ಸ್ಲೈಡ್ ಇತ್ತು. ಒಂಬತ್ತನೇ ಸ್ಲೈಡ್‌ನಲ್ಲಿ ಇದ್ದಾಗಲೇ "ಕನ್‌ಕ್ಲೂಡ್ ಮಾಡಿ" ಅಂತ ಹೇಳಿದ್ರು. ಉಳಿದ ಏಳು ಸ್ಲೈಡ್‌ನ ಇಪ್ಪತ್ತು ಸೆಕೆಂಡಿನಲ್ಲಿ ಟಕಟಕ ಅಂತ ಒತ್ತಿ ಮುಗಿಸಿದ್ವಿ. ಆ ಏಳರಲ್ಲೇ ನಮ್ಮ ಇಡೀ ಕೆಲಸ ಇತ್ತು.

ಯಾವ ಕೆಲಸ ಅಂದ್ರೆ, ಪೀಣ್ಯದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ಕಂಪ್ರೆಸರ್ ಗಾಳಿ ಎಷ್ಟು ಸೋರಿ ಹೋಗ್ತಿದೆ ಅಂತ ಅಳೆದದ್ದು. ಅಳೆಯೋಕೆ ಊಟದ ಹೊತ್ತು ಮಾತ್ರ ಆಗೋದು, ಯಾಕಂದ್ರೆ ಆಗ ಎಲ್ಲ ಮಷಿನ್ ನಿಂತಿರುತ್ತೆ. ಅಲ್ಲಿನ ಸೂಪರ್‌ವೈಸರ್ ಅಣ್ಣ ನಾಲ್ಕು ದಿನ ತನ್ನ ಊಟ ಅರ್ಧಕ್ಕೆ ಬಿಟ್ಟು ನಮ್ಮ ಜೊತೆ ಸ್ಟಾಪ್‌ವಾಚ್ ಹಿಡಿದು ನಿಂತಿದ್ರು. ಅವರು ಬರೆಸಿದ ರೀಡಿಂಗ್ ಹತ್ತನೇ ಸ್ಲೈಡ್‌ನಲ್ಲಿತ್ತು. ಅದನ್ನ ಪ್ಯಾನೆಲ್ ನೋಡಿದ್ದು ಒಂದು ಸೆಕೆಂಡ್ ಇರಬಹುದು.

ಆಮೇಲೆ ಎಲ್ಲರೂ ಹೇಳಿದ್ದು ಒಂದೇ: "ಸ್ಲೈಡ್ ಜಾಸ್ತಿ ಆಯ್ತು ಕಣ್ರೋ." ನಾನು ಒಪ್ಪಲ್ಲ. ಸ್ಲೈಡ್ ಜಾಸ್ತಿ ಆಗಿರ್ಲಿಲ್ಲ. ಯಾವ ಸ್ಲೈಡ್‌ಗೆ ಎಷ್ಟು ಹೊತ್ತು ಅಂತ ನಾವು ತೀರ್ಮಾನ ಮಾಡಿರ್ಲಿಲ್ಲ, ಅಷ್ಟೇ. ಎರಡನೇ ರಿವ್ಯೂಗೂ ಅದೇ ಹದಿನಾರು ಸ್ಲೈಡ್ ಇಟ್ಕೊಂಡೇ ಹೋದ್ವಿ.

(ಭಾಗ 2)

ನಾವು ಮೊದಲು ಮಾಡಿದ್ದ ಲೆಕ್ಕ ನೀವೂ ಮಾಡಿರ್ತೀರಾ. ಸ್ಲಾಟ್ ಎಷ್ಟು? ಹದಿನೈದು ನಿಮಿಷ. ಸ್ಲೈಡ್ ಎಷ್ಟು? ಹದಿನಾರು. ಸರಿ, ಒಂದಕ್ಕೆ ಒಂದು ನಿಮಿಷದ ಹತ್ತಿರ. ಆರಾಮ!

ಇದರಲ್ಲಿ ಎರಡು ತಪ್ಪಿದೆ. ಮೊದಲನೇದು ಹದಿನೈದು ಅನ್ನೋ ಸಂಖ್ಯೆಯೇ.

ಇದು ನನಗೆ ಅರ್ಥ ಆಗಿದ್ದು ಕ್ಲಾಸಲ್ಲಿ ಅಲ್ಲ, ಅದೇ ಪೀಣ್ಯದ ಶಾಪಲ್ಲಿ. ಅಲ್ಲಿಗೆ ಜಾಬ್ ವರ್ಕ್ ಕೊಡೋಕೆ ಯಾರಾದ್ರೂ ಡ್ರಾಯಿಂಗ್ ತಗೊಂಡು ಬಂದ್ರೆ ಓನರ್ ಒಂದೇ ಸಲ "ಒಂದು ಪೀಸ್‌ಗೆ ಇಷ್ಟು ನಿಮಿಷ" ಅಂತ ಹೇಳಲ್ಲ. ಸೆಟ್ಟಿಂಗ್‌ಗೆ ಎಷ್ಟು, ಪೀಸ್ ಕಟ್ಟೋಕೆ ಎಷ್ಟು, ಬಿಚ್ಚೋಕೆ ಎಷ್ಟು, ಅಳತೆ ನೋಡೋಕೆ ಎಷ್ಟು ಅಂತ ಬೇರೆ ಬೇರೆ ಬರೀತಾರೆ. ಟೂಲ್ ನಿಜವಾಗಿ ಲೋಹ ಕತ್ತರಿಸೋ ಹೊತ್ತು ಅದರಲ್ಲಿ ಒಂದು ಪಾಲು ಮಾತ್ರ. ಬರೀ ಕಟಿಂಗ್ ಟೈಮ್ ಹಿಡಿದು ರೇಟ್ ಹೇಳಿದವನು ಲಾಸ್ ಮಾಡ್ಕೋತಾನೆ.

ಸ್ಲಾಟೂ ಹಾಗೇನೇ. ನಮ್ಮ ಹದಿನೈದನ್ನ ಬಿಚ್ಚಿ ನೋಡಿ. ಪ್ರಶ್ನೆಗೆ ಐದು ನಿಮಿಷ ಅಂತ ನೋಟಿಸಿನಲ್ಲೇ ಇತ್ತು, ಅದು ನಮ್ಮದಲ್ಲ. ಹಿಂದಿನ ಗುಂಪು ಕೇಬಲ್ ಕಿತ್ತು, ನಾವು ಚುಚ್ಚಿ, ಪ್ರೊಜೆಕ್ಟರ್ ನೀಲಿ ಬಣ್ಣದಿಂದ ನಮ್ಮ ಸ್ಕ್ರೀನಿಗೆ ಬರೋಕೆ ಒಂದು ನಿಮಿಷ ಹೋಗುತ್ತೆ. (ಎಚ್‌ಡಿಎಂಐ ಕೇಬಲ್ ಲೂಸ್ ಇದ್ರೆ ಇನ್ನೂ ಜಾಸ್ತಿ. ನಮ್ಮ ಬ್ಲಾಕಿನಲ್ಲಿ ಲೂಸ್ ಇಲ್ಲದ ಕೇಬಲ್ ನಾನಂತೂ ನೋಡಿಲ್ಲ.) ಉಳಿದದ್ದು ಒಂಬತ್ತು. ಅದರಲ್ಲಿ ಒಂದು ನಿಮಿಷ ಕೈಯಲ್ಲಿ ಇಟ್ಕೊಳ್ಳಲೇಬೇಕು, ಯಾಕಂದ್ರೆ ಮಧ್ಯದಲ್ಲಿ ಒಬ್ಬರಾದ್ರೂ ತಡೆದು ಏನಾದ್ರೂ ಕೇಳ್ತಾರೆ.

ಅಂದ್ರೆ ಪ್ಲ್ಯಾನ್ ಮಾಡಬೇಕಾದದ್ದು ಎಂಟು ನಿಮಿಷಕ್ಕೆ, 480 ಸೆಕೆಂಡಿಗೆ. ಹದಿನೈದು ಅಂತ ನಂಬ್ಕೊಂಡು ಹೋದವರು ಹತ್ತಿರ ಹತ್ತಿರ ಎರಡು ಪಟ್ಟು ಮಾತು ಹೊತ್ಕೊಂಡು ಹೋಗಿರ್ತಾರೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಇಂಟರ್ನ್‌ಶಿಪ್ ಮಾಡ್ತಿರೋರಿಗೆ ಇದು ಇನ್ನೂ ಬಿಗಿ. ಅರ್ಧ ಗಂಟೆಗೆ ಮೀಟಿಂಗ್ ರೂಮ್ ಬುಕ್ ಆಗಿದ್ರೆ, ಇಪ್ಪತ್ತೆಂಟನೇ ನಿಮಿಷಕ್ಕೇ ಮುಂದಿನ ಟೀಮ್ ಗಾಜಿನ ಬಾಗಿಲ ಆಚೆ ಲ್ಯಾಪ್‌ಟಾಪ್ ಹಿಡ್ಕೊಂಡು ನಿಂತಿರುತ್ತೆ. ಶುರುವಿನಲ್ಲಿ ನಾಲ್ಕು ನಿಮಿಷ ಎಲ್ಲರೂ ಕಾಲ್‌ಗೆ ಸೇರಲಿ ಅಂತ ಕಾಯೋದ್ರಲ್ಲೇ ಹೋಗುತ್ತೆ.

(ಭಾಗ 3)

ಎರಡನೇ ತಪ್ಪು ಸಮ ಪಾಲು.

ಒಂಬತ್ತು ನಿಮಿಷನೇ ಸಿಗುತ್ತೆ ಅಂತ ಇಟ್ಕೊಂಡು ಹದಿನಾರಕ್ಕೆ ಹಂಚಿದ್ರೆ ಸ್ಲೈಡಿಗೆ ಸುಮಾರು 34 ಸೆಕೆಂಡ್. ಈಗ ಯೋಚನೆ ಮಾಡಿ: "ಥ್ಯಾಂಕ್ ಯೂ" ಅಂತ ಬರೆದಿರೋ ಸ್ಲೈಡಿಗೆ 34 ಸೆಕೆಂಡ್ ಏನು ಮಾಡ್ತೀರಾ? ಹಾಗೇ ರೀಡಿಂಗ್ ಟೇಬಲ್‌ನ 34 ಸೆಕೆಂಡಲ್ಲಿ ಯಾರಿಗೆ ಅರ್ಥ ಮಾಡಿಸ್ತೀರಾ?

"ಒಂದು ಸ್ಲೈಡಿಗೆ ಒಂದು ನಿಮಿಷ" ಅನ್ನೋ ಮಾತನ್ನ ಎಲ್ಲರೂ ಸೂತ್ರದ ಹಾಗೆ ಹೇಳ್ತಾರೆ. ಅದು ಎಷ್ಟು ಸ್ಲೈಡ್ ಮಾಡಬಹುದು ಅಂತ ಒಂದು ಅಂದಾಜಿಗೆ ಸರಿ, ಮಾತಿನ ಪ್ಲ್ಯಾನ್‌ಗೆ ಸರಿಯಲ್ಲ. ಸಮ ಪಾಲು ನಡೆಯೋ ಜಾಗಗಳೂ ಇವೆ. ಪೆಚಾಕುಚಾ ಅಂತ ಒಂದು ಪದ್ಧತಿ ಕೇಳಿರಬಹುದು, 2003ರಲ್ಲಿ ಟೋಕಿಯೋದಲ್ಲಿ ಆಸ್ಟ್ರಿಡ್ ಕ್ಲೈನ್ ಮತ್ತೆ ಮಾರ್ಕ್ ಡೈಥಮ್ ಅನ್ನೋ ಇಬ್ಬರು ಆರ್ಕಿಟೆಕ್ಟ್‌ಗಳು ಶುರು ಮಾಡಿದ್ದು. ಇಪ್ಪತ್ತು ಸ್ಲೈಡ್, ಒಂದೊಂದಕ್ಕೂ ಇಪ್ಪತ್ತೇ ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. ಸ್ಲೈಡ್ ತಾನಾಗೇ ಮುಂದೆ ಹೋಗುತ್ತೆ, ನೀವು ಹಿಡ್ಕೊಳ್ಳೋಕೆ ಆಗಲ್ಲ. ಅಲ್ಲಿ ಅದು ಚೆನ್ನಾಗಿ ನಡೆಯುತ್ತೆ, ಯಾಕಂದ್ರೆ ಸ್ಲೈಡ್ ಅಂದ್ರೆ ಅಲ್ಲಿ ಬಹುಮಟ್ಟಿಗೆ ಚಿತ್ರ, ನೋಡಿದ ತಕ್ಷಣ ತಿಳಿಯುತ್ತೆ. ನಮ್ಮ ರಿವ್ಯೂ ಸ್ಲೈಡುಗಳು ಹಾಗಿಲ್ವಲ್ಲ. ಒಂದರಲ್ಲಿ ಹೆಸರು, ಒಂದರಲ್ಲಿ ಪರಿವಿಡಿ, ಒಂದರಲ್ಲಿ ಒಂದಿಡೀ ವಾರದ ಅಳತೆ.

ಅದಕ್ಕೇ ನಾನು ಸ್ಲೈಡುಗಳನ್ನ ಮೂರು ಗುಂಪು ಮಾಡಿದೆ. ಸುಮ್ಮನೆ ದಾಟಿ ಹೋಗೋವು. ಹೇಳಿ ಹೋಗೋವು. ನಿಂತು ವಿವರಿಸಬೇಕಾದವು. ದಾಟೋದಕ್ಕೆ ಐದು ಹತ್ತು ಸೆಕೆಂಡ್, ಹೇಳೋದಕ್ಕೆ ಇಪ್ಪತ್ತರಿಂದ ನಲವತ್ತೈದು, ನಿಲ್ಲೋದಕ್ಕೆ ಒಂದು ನಿಮಿಷದ ಆಸುಪಾಸು ಅಥವಾ ಮೇಲೆ. ನಿಲ್ಲೋ ಸ್ಲೈಡ್ ಮೂರಕ್ಕಿಂತ ಜಾಸ್ತಿ ಇದ್ರೆ ಎಂಟು ನಿಮಿಷದಲ್ಲಿ ಆಗಲ್ಲ, ಅದು ಮಾತ್ರ ಖಂಡಿತ. ನಮಗೆ ಮೂರು ಸಿಕ್ತು: ಹೇಗೆ ಅಳೆದ್ವಿ, ಏನು ಸಿಕ್ತು, ರಿಪೇರಿ ಆದಮೇಲೆ ಏನಾಯ್ತು.

ಮಿಕ್ಕಿದ್ದೆಲ್ಲ ಈ ಮೂರಕ್ಕೆ ಜಾಗ ಬಿಟ್ಟುಕೊಡಬೇಕು.

(ಭಾಗ 4)

ನಿಂತು ವಿವರಿಸೋ ಸ್ಲೈಡಿಗೆ ಎಷ್ಟು ಸೆಕೆಂಡ್ ಅಂತ ಹೇಗೆ ಗೊತ್ತಾಗುತ್ತೆ? ಇದೇ ನಿಜವಾದ ಪ್ರಶ್ನೆ, ಯಾರೂ ಹೇಳಿಕೊಡಲ್ಲ. ಸ್ಲೈಡಿನಲ್ಲಿ ಎಷ್ಟು ಅಕ್ಷರ ಇದೆ ಅಂತ ನೋಡಬೇಡಿ. ಮೊದಲ ಸಲ ನೋಡೋರ ಕಣ್ಣು ಆ ಸ್ಲೈಡಿನ ಮೇಲೆ ಎಷ್ಟು ಕಡೆ ಹೋಗಬೇಕು ಅಂತ ನೋಡಿ.

ನಮ್ಮ ಹತ್ತನೇ ಸ್ಲೈಡ್ ತಗೊಳ್ಳಿ. ಮೊದಲು ಅಳತೆ ಏನು ಅಂತ ಹೇಳ್ತೀನಿ, ಸುಲಭ ಇದೆ. ಎಲ್ಲ ಮಷಿನ್ ಆಫ್, ಕಂಪ್ರೆಸರ್ ಮಾತ್ರ ಆನ್. ಯಾರೂ ಗಾಳಿ ಬಳಸ್ತಾ ಇಲ್ಲ, ಆದ್ರೂ ಟ್ಯಾಂಕಿನ ಪ್ರೆಷರ್ ಇಳೀತಾ ಇದೆ ಅಂದ್ರೆ ಎಲ್ಲೋ ಸೋರ್ತಾ ಇದೆ. ಪ್ರೆಷರ್ ಒಂದು ಮಟ್ಟಕ್ಕೆ ಇಳಿದಾಗ ಕಂಪ್ರೆಸರ್ ಲೋಡ್ ಆಗುತ್ತೆ, ಟ್ಯಾಂಕ್ ತುಂಬಿದ ಮೇಲೆ ಅನ್‌ಲೋಡ್ ಆಗುತ್ತೆ. ಲೋಡ್ ಆಗಿದ್ದ ಹೊತ್ತು T, ಅನ್‌ಲೋಡ್ ಆಗಿದ್ದ ಹೊತ್ತು t ಅಂತ ಇಟ್ಕೊಂಡ್ರೆ:

```
leak % = T / (T + t) × 100
```

ನಮಗೆ ರಿಪೇರಿಗೆ ಮುಂಚೆ ಲೋಡ್ 90 ಸೆಕೆಂಡ್, ಅನ್‌ಲೋಡ್ 270 ಸೆಕೆಂಡ್ ಬಂತು. 90ನ್ನ 360ರಿಂದ ಭಾಗಿಸಿ, 25 ಪರ್ಸೆಂಟ್. ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಕಾಲು ಭಾಗ ಸುಮ್ಮನೆ ಹೊರಗೆ ಹೋಗ್ತಿತ್ತು.

ಈಗ ನೀವು ಇದನ್ನ ಓದೋಕೆ ಎಷ್ಟು ಹೊತ್ತು ತಗೊಂಡ್ರಿ? ಪ್ಯಾನೆಲ್ಲಿಗೂ ಅಷ್ಟು ಬೇಕು. ನಾನು ಹೀಗೆ ಲೆಕ್ಕ ಹಾಕಿದೆ: ಟೇಬಲ್‌ನ ಕಾಲಮ್ ಯಾವ್ಯಾವುದು ಅಂತ ತೋರಿಸೋಕೆ 15 ಸೆಕೆಂಡ್, ಒಂದೇ ಒಂದು ಸಾಲನ್ನ ಬೆರಳಿಟ್ಟು ಓದೋಕೆ 20, ಸೂತ್ರಕ್ಕೆ ಹಾಕಿ 25 ಹೇಗೆ ಬಂತು ಅಂತ ಹೇಳೋಕೆ 20, ಅವರು ನೋಡಲಿ ಅಂತ ನಾನು ಬಾಯಿ ಮುಚ್ಚಿಕೊಂಡು ಇರೋಕೆ 10, ಕೊನೇಗೆ "ಅಂದ್ರೆ ಕಾಲು ಭಾಗ" ಅಂತ ಒಂದು ವಾಕ್ಯಕ್ಕೆ 10. ಒಟ್ಟು 75.

ಆ ಹತ್ತು ಸೆಕೆಂಡ್ ಮೌನ ದಯವಿಟ್ಟು ತೆಗೀಬೇಡಿ. ಟೇಬಲ್ ಹಾಕಿ ಮೇಲೆ ಮಾತಾಡ್ತಾನೇ ಇದ್ರೆ ಅವರು ಟೇಬಲ್ಲೂ ಓದಲ್ಲ, ನಿಮ್ಮ ಮಾತೂ ಕೇಳಲ್ಲ.

ಟೇಬಲ್‌ನಲ್ಲಿ ಎಂಟು ಸಾಲು ಇತ್ತು, ನಾಲ್ಕು ದಿನದ್ದು, ದಿನಕ್ಕೆ ಎರಡು. ಎಂಟನ್ನೂ ಓದಿದ್ರೆ ಏನಾಗ್ತಿತ್ತು ಅಂತ ನೀವೇ ಗುಣಿಸಿ. ಒಂದು ಸಾಲು ಓದಿ, "ಉಳಿದವೂ ಇದರ ಹತ್ತಿರಾನೇ ಇವೆ" ಅಂದ್ರೆ ಸಾಕು. ಬೇಕಾದವರು ಕೇಳ್ತಾರೆ.

(ಭಾಗ 5)

ಹೀಗೆ ಮಾಡ್ತಾ ಹೋದಾಗ ನಮ್ಮ 480 ಸೆಕೆಂಡ್ ಹೇಗೆ ಹಂಚಿಹೋಯ್ತು ಅಂತ ಹೇಳ್ತೀನಿ. ಪೂರ್ತಿ ಪಟ್ಟಿ ಬೇಡ, ಅದರ ಆಕಾರ ಗೊತ್ತಾದ್ರೆ ಸಾಕು.

ಹೆಸರಿನ ಸ್ಲೈಡಿಂದ ಸಮಸ್ಯೆ ಹೇಳೋವರೆಗೆ, ಅಂದ್ರೆ ಮೊದಲ ಆರು ಸ್ಲೈಡಿಗೆ, 1 ನಿಮಿಷ 45 ಸೆಕೆಂಡ್. ಅದರಲ್ಲೂ 45 ಸೆಕೆಂಡ್ ಸಮಸ್ಯೆಗೇ. ಉದ್ದೇಶ ಮತ್ತೆ ಶಾಪಿನ ಲೇಔಟ್‌ಗೆ ಒಂದು ನಿಮಿಷ. ಹೇಗೆ ಅಳೆದ್ವಿ ಅನ್ನೋದಕ್ಕೆ 60, ರೀಡಿಂಗ್‌ಗೆ 75, ಎಲ್ಲೆಲ್ಲಿ ಸೋರ್ತಿತ್ತು ಅನ್ನೋ ಫೋಟೋಗೆ 45, ರಿಪೇರಿ ನಂತರದ ರೀಡಿಂಗ್‌ಗೆ 60, ಉಳಿತಾಯಕ್ಕೆ 40. ಮಿತಿ, ರೆಫರೆನ್ಸ್, ಥ್ಯಾಂಕ್ ಯೂ ಎಲ್ಲ ಸೇರಿ 35.

ಮೊದಲ ರಿವ್ಯೂನಲ್ಲಿ ಮೊದಲ ಆರು ಸ್ಲೈಡೇ ಆರು ನಿಮಿಷ ತಿಂದಿತ್ತು. ಕಂಪ್ರೆಸ್ಡ್ ಏರ್ ಅಂದ್ರೇನು, ಅದನ್ನ ಎಲ್ಲೆಲ್ಲಿ ಬಳಸ್ತಾರೆ ಅಂತ ಮೆಕ್ಯಾನಿಕಲ್ ಪ್ರೊಫೆಸರ್‌ಗಳಿಗೇ ಪಾಠ ಮಾಡಿದ್ವಿ! ಎಲ್ಲರೂ ಜಾರೋದು ಇಲ್ಲೇ. ಶುರುವಿನ ಸ್ಲೈಡ್ ಎಲ್ಲರಿಗೂ ಬಾಯಿಪಾಠ ಇರುತ್ತೆ, ಹೇಳೋಕೆ ಧೈರ್ಯ ಬರುತ್ತೆ, ಅದಕ್ಕೇ ಉದ್ದ ಆಗುತ್ತೆ. ಕಷ್ಟದ ಸ್ಲೈಡ್ ಬರೋ ಹೊತ್ತಿಗೆ ಗಡಿಯಾರ ಖಾಲಿ.

"ಆದ್ರೆ ಟೆಂಪ್ಲೇಟ್‌ನಲ್ಲಿ ಲಿಟರೇಚರ್ ಸರ್ವೆ ಎರಡು ಸ್ಲೈಡ್ ಕಂಪಲ್ಸರಿ ಇದ್ಯಲ್ಲ?" ಅಂತ ಕೇಳ್ತೀರಾ. ಗೊತ್ತು. ಟೆಂಪ್ಲೇಟ್ ಸ್ಲೈಡ್ ಇರಬೇಕು ಅನ್ನುತ್ತೆ, ಓದಬೇಕು ಅನ್ನಲ್ಲ. ಮೊದಲನೇದರ ಮೇಲೆ ಹತ್ತು ಸೆಕೆಂಡ್: "ಇವರೆಲ್ಲ ದೊಡ್ಡ ಪ್ಲ್ಯಾಂಟ್‌ಗಳಲ್ಲಿ ಅಳೆದಿದ್ದಾರೆ, ನಾವು ಸಣ್ಣ ಜಾಬ್ ಶಾಪಲ್ಲಿ ಅಳೆದಿದ್ದೀವಿ." ಎರಡನೇದಕ್ಕೆ ಸೊನ್ನೆ, ಒತ್ತಿ ದಾಟಿದ್ವಿ. ಯಾರೂ ಬೈಲಿಲ್ಲ.

ಇಲ್ಲಿ ನನ್ನ ಒಂದು ತಕರಾರಿದೆ, ಯಾವ ಒಂದು ಕಾಲೇಜಿನ ಮೇಲೂ ಅಲ್ಲ, ಪದ್ಧತಿ ಮೇಲೆ. ನಮಗೆ ಎಷ್ಟು ಸ್ಲೈಡ್, ಯಾವ ಫಾಂಟ್, ಲೋಗೋ ಯಾವ ಮೂಲೆ ಅಂತ ಹೇಳೋ ಟೆಂಪ್ಲೇಟ್ ಕೊಡ್ತಾರೆ. ಯಾವ ಭಾಗಕ್ಕೆ ಎಷ್ಟು ನಿಮಿಷ ಅಂತ ಒಂದು ಸಾಲು ಇರಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ 2008ರಲ್ಲಿ ಶುರು ಮಾಡಿದ ಥ್ರೀ ಮಿನಿಟ್ ಥೀಸಿಸ್ ಸ್ಪರ್ಧೆಯಲ್ಲಿ ಪಿಎಚ್‌ಡಿ ಮಾಡೋರು ತಮ್ಮ ಇಡೀ ಕೆಲಸನ ಒಂದೇ ಸ್ಲೈಡ್ ಇಟ್ಕೊಂಡು ಮೂರು ನಿಮಿಷದಲ್ಲಿ ಹೇಳಬೇಕು, ಮೀರಿದ್ರೆ ಔಟ್. ಅಲ್ಲಿ ನಿಯಮ ಶುರುವಾಗೋದೇ ಗಡಿಯಾರದಿಂದ. ನಮ್ಮಲ್ಲಿ ಶುರುವಾಗೋದು ಫಾಂಟ್ ಸೈಜ್‌ನಿಂದ.

(ಭಾಗ 6)

ಸೆಕೆಂಡಿಗೆ ಎಷ್ಟು ಮಾತು ಹಿಡಿಯುತ್ತೆ?

ಇಂಗ್ಲಿಷ್ ಗೈಡ್‌ಗಳಲ್ಲಿ ನಿಮಿಷಕ್ಕೆ 120ರಿಂದ 150 ಪದ ಅಂತ ಇರುತ್ತೆ. ಅದನ್ನ ಹಾಗೇ ಕನ್ನಡಕ್ಕೆ ತಂದ್ರೆ ಕೆಡುತ್ತೆ. "ಸೋರುತ್ತಿರುವುದರಿಂದ" ಅನ್ನೋದು ನಮಗೆ ಒಂದು ಪದ, ಇಂಗ್ಲಿಷಲ್ಲಿ ಅದಕ್ಕೆ ನಾಲ್ಕು ಪದ ಬೇಕು. ಹಾಗಾಗಿ ಕನ್ನಡದಲ್ಲಿ ಪದ ಕಮ್ಮಿ, ಒಂದೊಂದೂ ಉದ್ದ. ನಾನು ನನ್ನದನ್ನ ಅಳೆದೆ: ಫೋನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಕೂತು ಎಣಿಸಿದೆ. ನಮ್ಮ ಕನ್ನಡ-ಇಂಗ್ಲಿಷ್ ಮಿಕ್ಸ್‌ನಲ್ಲಿ ತೊಂಬತ್ತರ ಹತ್ತಿರ ಬಂತು. ನಿಮ್ಮದು ಬೇರೆ ಇರುತ್ತೆ. ಐದು ನಿಮಿಷದ ಕೆಲಸ, ಮಾಡಿ ನೋಡಿ. ಪೂರ್ತಿ ಇಂಗ್ಲಿಷಲ್ಲಿ ಮಾತಾಡೋರಾದ್ರೆ ಇಂಗ್ಲಿಷಲ್ಲೇ ಅಳೀರಿ, ಮತ್ತೆ ನೋಡಿ ಓದಬೇಡಿ. ಓದೋ ವೇಗ ಬೇರೆ, ಯೋಚಿಸ್ತಾ ಹೇಳೋ ವೇಗ ಬೇರೆ.

ಅಂದ್ರೆ 45 ಸೆಕೆಂಡಿನ ಸಮಸ್ಯೆ ಸ್ಲೈಡಿಗೆ ನನಗೆ ಸಿಗೋದು ಅರವತ್ತೆಂಟು ಪದ. ಆರೋ ಏಳೋ ವಾಕ್ಯ. ಇದು ಗೊತ್ತಾದಾಗ ನಿಜವಾಗ್ಲೂ ಗಾಬರಿ ಆಯ್ತು. ನಾನು ಬರ್ಕೊಂಡಿದ್ದು ಎರಡು ಪುಟ!

ಒಂದು ಕಳ್ಳ ಸಮಯ ಇದೆ, ಅದನ್ನ ಹಿಡೀರಿ. "ಸೋ, ಮೂವಿಂಗ್ ಆನ್ ಟು ದ ನೆಕ್ಸ್ಟ್ ಸ್ಲೈಡ್" ಅಂತ ಪ್ರತಿ ಸಲ ಹೇಳ್ತೀವಲ್ಲ, ಅದಕ್ಕೆ ಮೂರು ಸೆಕೆಂಡ್. ಹದಿನೈದು ಸಲ ಹೇಳಿದ್ರೆ ಮುಕ್ಕಾಲು ನಿಮಿಷ. ಸಮಸ್ಯೆ ಸ್ಲೈಡಿಗೆ ಕೊಟ್ಟಷ್ಟೇ ಹೊತ್ತು ಬರೀ ದಾಟೋದಕ್ಕೆ! ಗುಂಪಲ್ಲಿ ನಾಲ್ಕು ಜನ ಇದ್ರೆ ಇನ್ನೊಂದು ಕಳ್ಳ: ಮೈಕೋ ಪಾಯಿಂಟರೋ ಕೈ ಬದಲಾಯಿಸೋದು. ನಮ್ಮದು ಒಂದೊಂದು ಸಲಕ್ಕೆ ಹತ್ತು ಸೆಕೆಂಡ್ ಬರ್ತಿತ್ತು. ಒಬ್ಬೊಬ್ಬರಿಗೆ ನಾಲ್ಕು ಸ್ಲೈಡ್ ಅಂತ ಹಂಚೋದು ಬಿಟ್ಟು, ವಿಷಯ ಎಲ್ಲಿ ಮುರಿಯುತ್ತೋ ಅಲ್ಲಿ ಮಾತ್ರ ಬದಲಾಯಿಸಿದ್ವಿ. ಒಬ್ಬಳಿಗೆ ಮೂರೇ ಸ್ಲೈಡ್ ಬಂತು, ಆದ್ರೆ ನಿಲ್ಲೋ ಸ್ಲೈಡ್ ಅವಳದೇ ಎರಡು. ಪಾಲು ಎಣಿಸೋದಾದ್ರೆ ಸೆಕೆಂಡಲ್ಲಿ ಎಣಿಸಿ.

(ಭಾಗ 7)

ಈಗ ಹಾಳೆ.

ಪ್ರತಿ ಸ್ಲೈಡಿಗೆ ಎಷ್ಟು ಸೆಕೆಂಡ್ ಅಂತ ಬರ್ಕೊಂಡು ಮೇಲೆ ಹೋದ್ರೆ ಉಪಯೋಗ ಇಲ್ಲ. ಅಲ್ಲಿ ನಿಂತು ಕೂಡೋಕೆ ಆಗಲ್ಲ. ಬೇಕಾಗಿರೋದು ಮೊತ್ತ: ಈ ಸ್ಲೈಡ್ ಮುಗಿಯೋ ಹೊತ್ತಿಗೆ ಗಡಿಯಾರ ಎಷ್ಟಿರಬೇಕು ಅಂತ. ಮೆಟ್ರೋದಲ್ಲಿ ಕೂತಾಗ ನೀವು ಎರಡು ಸ್ಟೇಷನ್ ನಡುವೆ ಎಷ್ಟು ನಿಮಿಷ ಅಂತ ನೋಡಲ್ಲ, "ಯಶವಂತಪುರಕ್ಕೆ ಬಂದಾಗಲೇ ಒಂಬತ್ತಾಯ್ತು, ಪೀಣ್ಯಕ್ಕೆ ಲೇಟೇ" ಅಂತೀರಲ್ಲ, ಹಾಗೆ.

ಹದಿನಾರೂ ಬರೀಬೇಡಿ. ನಾವು ನಾಲ್ಕೇ ಬರೆದ್ವಿ, ದಪ್ಪ ಮಾರ್ಕರ್‌ನಲ್ಲಿ:

```
 6  →  1:45
10  →  5:00
12  →  6:45
16  →  8:00
```

ಎಡಗಡೆ ಸ್ಲೈಡ್ ನಂಬರ್, ಬಲಗಡೆ ಅದು ಮುಗಿಯಬೇಕಾದ ಹೊತ್ತು, ಶುರು ಮಾಡಿದ ಕ್ಷಣದಿಂದ. ಗೋಡೆ ಗಡಿಯಾರದ ಟೈಮ್ ಬರೀಬೇಡಿ, ನಿಮ್ಮ ಸರದಿ ಹೇಳಿದ ಹೊತ್ತಿಗೆ ಬರಲ್ಲ. ಪವರ್‌ಪಾಯಿಂಟ್‌ನ ಪ್ರೆಸೆಂಟರ್ ವ್ಯೂನಲ್ಲಿ ಟೈಮರ್ ಇರುತ್ತೆ ನಿಜ, ಆದ್ರೆ ಲ್ಯಾಪ್‌ಟಾಪನ್ನ ಡುಪ್ಲಿಕೇಟ್ ಮೋಡಲ್ಲಿ ಪ್ರೊಜೆಕ್ಟರಿಗೆ ಹಾಕಿದ್ರೆ ಆ ವ್ಯೂ ಇರಲ್ಲ. ಹಾಳೆ ಕೈಕೊಡಲ್ಲ. ನಾವು ಹಾಳೆ ಮೇಜಿನ ಮೇಲೆ ಇಟ್ವಿ, ಪಕ್ಕದಲ್ಲಿ ಸ್ಟಾಪ್‌ವಾಚ್ ಓಡ್ತಿರೋ ಫೋನ್ ಇಟ್ವಿ. ಏರೋಪ್ಲೇನ್ ಮೋಡಲ್ಲಿ, ಅಮ್ಮನ ಕಾಲ್ ಬರಬಾರದು ನೋಡಿ.

ಇವುಗಳಲ್ಲಿ ಮೊದಲನೇದೇ ಮುಖ್ಯ. 1:45ಕ್ಕೆ ಸಮಸ್ಯೆ ಹೇಳಿ ಮುಗಿದಿಲ್ಲ ಅಂದ್ರೆ ಇವತ್ತು ತಪ್ಪುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ, ಸರಿ ಮಾಡ್ಕೊಳ್ಳೋಕೆ ಆರು ನಿಮಿಷ ಇನ್ನೂ ಇರುತ್ತೆ. ಏಳನೇ ನಿಮಿಷದಲ್ಲಿ ಗೊತ್ತಾದ್ರೆ ಏನೂ ಮಾಡೋಕಾಗಲ್ಲ.

ಸರಿ ಮಾಡ್ಕೊಳ್ಳೋದು ಅಂದ್ರೆ ವೇಗ ಹೆಚ್ಚಿಸೋದಲ್ಲ. ವೇಗವಾಗಿ ಹೇಳಿದ್ರೆ "ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಅಂತಾರೆ, ಇದ್ದದ್ದೂ ಹೋಗುತ್ತೆ. ಬಿಡಬೇಕು. ಯಾವುದನ್ನ ಬಿಡಬೇಕು ಅಂತ ಹಿಂದಿನ ದಿನವೇ ಗುರುತು ಹಾಕಿರಬೇಕು. ನಮ್ಮದು ಲೇಔಟ್ ಸ್ಲೈಡ್ 40 ಸೆಕೆಂಡ್, ಫೋಟೋ ಸ್ಲೈಡ್ 45. ಎರಡೂ ಬಿಟ್ಟರೆ 85 ಸೆಕೆಂಡ್ ವಾಪಸ್. ಬಿಟ್ಟಿದ್ದು ಪ್ರಶ್ನೆ ಹೊತ್ತಲ್ಲಿ ಬೇಕಾದ್ರೆ, ಸ್ಲೈಡ್ ಶೋ ನಡೀತಿರುವಾಗಲೇ 11 ಅಂತ ಒತ್ತಿ ಎಂಟರ್ ಒತ್ತಿ, ಸೀದಾ ಅಲ್ಲಿಗೆ ಹೋಗುತ್ತೆ. ಇದು ನಮ್ಮ ಕ್ಲಾಸಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ ಅನ್ನೋದು ನನಗೆ ಆಶ್ಚರ್ಯ. ಬ್ಯಾಕ್‌ಸ್ಪೇಸ್ ಒತ್ತಿ ಒತ್ತಿ ಹಿಂದೆ ಹೋಗ್ತಾರೆ, ಎಲ್ಲ ಅನಿಮೇಷನ್ ಉಲ್ಟಾ ಆಡುತ್ತೆ, ಪಾಪ.

(ಭಾಗ 8)

ರಿಹರ್ಸಲ್. ಮನಸ್ಸಲ್ಲೇ ಓದ್ಕೊಂಡ್ರೆ ಅದು ರಿಹರ್ಸಲ್ ಅಲ್ಲ. ಮನಸ್ಸಲ್ಲಿ ಉಸಿರು ತಗೊಳ್ಳಲ್ಲ, ತಡವರಿಸಲ್ಲ, ಪಾಯಿಂಟರ್ ಹುಡುಕಲ್ಲ. ನಮಗೆ ಮನಸ್ಸಲ್ಲಿ ಏಳೂವರೆ ನಿಮಿಷ ಬಂದಿದ್ದು, ಹಾಸ್ಟೆಲ್ ಟೆರೇಸ್ ಮೇಲೆ ಎದ್ದು ನಿಂತು ಜೋರಾಗಿ ಹೇಳಿದಾಗ 11 ನಿಮಿಷ 10 ಸೆಕೆಂಡ್ ಆಯ್ತು.

ಯಾವ ಸ್ಲೈಡ್ ಮೀರಿತು ಅಂತ ತಿಳಿಯೋಕೆ ಪವರ್‌ಪಾಯಿಂಟ್‌ನ Slide Show ಟ್ಯಾಬಿನಲ್ಲಿ Rehearse Timings ಇದೆ. ಅದನ್ನ ಒತ್ತಿ ಮಾತಾಡ್ತಾ ಹೋದ್ರೆ ಒಂದೊಂದು ಸ್ಲೈಡಿನ ಮೇಲೆ ಎಷ್ಟು ಹೊತ್ತು ನಿಂತ್ರಿ ಅಂತ ಬರ್ಕೊಳ್ಳುತ್ತೆ. ಸ್ಲೈಡ್ ಸಾರ್ಟರ್ ವ್ಯೂನಲ್ಲಿ ನೋಡಿದ್ರೆ ಪ್ರತಿ ಸ್ಲೈಡ್ ಕೆಳಗೆ ಆ ಹೊತ್ತು ಕಾಣುತ್ತೆ. ನಮ್ಮದರಲ್ಲಿ ಹದಿನಾರೂ ಮೀರಿರ್ಲಿಲ್ಲ. ಮೂರೇ ಮೀರಿದ್ದು: ಇಂಟ್ರೊಡಕ್ಷನ್, ಲೇಔಟ್, ಅಳೆಯೋ ವಿಧಾನ. ಆ ಮೂರರಲ್ಲಿ ವಾಕ್ಯ ಹೊಡೆದು ಹಾಕಿದ್ವಿ. ಎರಡನೇ ಸಲ 9:05, ಮೂರನೇ ಸಲ 8:10. ಅಲ್ಲಿಗೆ ನಿಲ್ಲಿಸಿದ್ವಿ, ಹತ್ತು ಸೆಕೆಂಡಿಗೆ ತಲೆ ಕೆಡಿಸ್ಕೊಳ್ಳಲಿಲ್ಲ, ಕೈಯಲ್ಲಿ ಒಂದು ನಿಮಿಷ ಇತ್ತಲ್ಲ.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ರಿಹರ್ಸಲ್ ಮುಗಿದ ಮೇಲೆ ಈ ಟೈಮಿಂಗ್ ಸೇವ್ ಮಾಡ್ಲಾ ಅಂತ ಕೇಳುತ್ತೆ. ಎಸ್ ಅಂದ್ರೆ ಆ ಹೊತ್ತಿಗೆ ಸರಿಯಾಗಿ ಸ್ಲೈಡ್ ತಾನಾಗೇ ಮುಂದೆ ಹೋಗುತ್ತೆ, ನಾಳೆ ಪ್ಯಾನೆಲ್ ಎದುರಿಗೂ! ನೀವು ಹತ್ತನೇದರ ಮೇಲೆ ಬೆರಳಿಟ್ಟು ಮಾತಾಡ್ತಿರ್ತೀರಾ, ಹಿಂದೆ ಸ್ಕ್ರೀನಲ್ಲಿ ಹನ್ನೊಂದು ಬಂದಿರುತ್ತೆ. ಪಕ್ಕದ ಗುಂಪಿಗೆ ಇದೇ ಆಗಿದ್ದು, ಅವರು ಲ್ಯಾಪ್‌ಟಾಪ್ ಹಾಳಾಗಿದೆ ಅಂದ್ಕೊಂಡ್ರು. ಸಂಖ್ಯೆಗಳನ್ನ ಹಾಳೆಗೆ ಬರ್ಕೊಂಡು, ಅದೇ Slide Show ಟ್ಯಾಬಿನಲ್ಲಿ Use Timings ಮುಂದಿರೋ ಟಿಕ್ ತೆಗೀರಿ.

(ಭಾಗ 9)

ಇದು ನಮ್ಮ ಊರಿನ ವಿಶೇಷ: ಸ್ಲಾಟೇ ಕುಗ್ಗೋದು. ಎಕ್ಸ್‌ಟರ್ನಲ್ ಎಲ್ಲೋ ಸಿಲ್ಕ್ ಬೋರ್ಡ್ ಹತ್ತಿರಾನೋ ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲೋ ಸಿಕ್ಕಿಹಾಕ್ಕೊಂಡಿರ್ತಾರೆ. ಹತ್ತಕ್ಕೆ ಶುರುವಾಗಬೇಕಾದ್ದು ಹನ್ನೊಂದಕ್ಕೆ ಶುರು. ಊಟದೊಳಗೆ ಎಲ್ಲರದೂ ಮುಗೀಬೇಕು. "ಎಲ್ಲರೂ ಐದೈದು ನಿಮಿಷದಲ್ಲಿ ಹೇಳಿ."

ಆಗ ನಿಂತಲ್ಲೇ ಕತ್ತರಿಸೋಕೆ ಹೋದ್ರೆ ಎಲ್ಲ ಸ್ಲೈಡನ್ನೂ ಸ್ವಲ್ಪ ಸ್ವಲ್ಪ ಹೇಳಿ ಯಾವುದನ್ನೂ ಹೇಳದ ಹಾಗಾಗುತ್ತೆ. ಹಾಳೆಯ ಹಿಂದುಗಡೆ ಐದು ನಿಮಿಷದ್ದೂ ಬರೆದಿಟ್ಟಿರಿ. ನಮ್ಮದರಲ್ಲಿ ಆರೇ ಸ್ಲೈಡ್: ಹೆಸರು 10 ಸೆಕೆಂಡ್, ಸಮಸ್ಯೆ 40, ವಿಧಾನ 60, ರೀಡಿಂಗ್ 70, ರಿಪೇರಿ ನಂತರ 60, ಉಳಿತಾಯ 40. ಒಟ್ಟು 280, ಇಪ್ಪತ್ತು ಕೈಯಲ್ಲಿ. ಗಮನಿಸಿ, ಸಮಯ ಹತ್ತಿರ ಹತ್ತಿರ ಅರ್ಧ ಆದ್ರೂ ರೀಡಿಂಗ್ ಸ್ಲೈಡ್ ಐದೇ ಸೆಕೆಂಡ್ ಕಳ್ಕೊಂಡಿದೆ. ಅದು ಅರ್ಥ ಆಗೋಕೆ ಬೇಕಾದ ಹೊತ್ತು ಸ್ಲಾಟ್ ನೋಡಿ ಕಮ್ಮಿ ಆಗಲ್ಲವಲ್ಲ.

ಈ ಪ್ಲ್ಯಾನಿಗೂ ಮಿತಿ ಇದೆ, ಅದನ್ನೂ ಹೇಳ್ಬೇಕು. ಲೈವ್ ಡೆಮೋ ಇರೋರಿಗೆ ಇದು ಅರ್ಧ ಮಾತ್ರ ನಡೆಯುತ್ತೆ. ವೈಫೈ ಮೇಲೆ ನಿಂತಿರೋ ಡೆಮೋಗೆ 60 ಸೆಕೆಂಡ್ ಅಂತ ಬರೆಯೋದು ಆಸೆಯೇ ಹೊರತು ಪ್ಲ್ಯಾನ್ ಅಲ್ಲ. ಅದನ್ನ ಮೊದಲೇ ವಿಡಿಯೋ ಮಾಡಿ ಇಟ್ಕೊಂಡ್ರೆ ವಿಡಿಯೋ ಎಷ್ಟು ಉದ್ದವೋ ಅಷ್ಟು, ಜೊತೆಗೆ ಅದು ಶುರುವಾಗೋಕೆ ಐದು ಸೆಕೆಂಡ್. ಇನ್ನೊಂದು, ಸ್ಲೈಡನ್ನ ನಿಲ್ಲಿಸಿ ಮಾತಾಡಿಸೋ ಪ್ಯಾನೆಲ್ ಸಿಕ್ಕಿದ್ರೆ ನಿಮ್ಮ ಹಾಳೆ ಮೂಲೆ ಸೇರುತ್ತೆ. ಆಗ ನೋಡಬೇಕಾದದ್ದು ಒಂದೇ, ಹತ್ತು ಮತ್ತೆ ಹನ್ನೆರಡನೇ ಸ್ಲೈಡನ್ನ ತೋರಿಸೋಕೆ ಆಗುತ್ತಾ ಅಂತ.

(ಭಾಗ 10, ಕೊನೇದು)

ಎರಡನೇ ರಿವ್ಯೂ. ಸರದಿ ಮುಕ್ಕಾಲು ಗಂಟೆ ತಡವಾಗಿ ಬಂತು, ಆದ್ರೆ ಸ್ಲಾಟ್ ಕುಗ್ಗಲಿಲ್ಲ. ಕೇಬಲ್‌ಗೆ ಒಂದೂವರೆ ನಿಮಿಷ ಹೋಯ್ತು, ಅಂದ್ರೆ ನಮ್ಮ ಕೈಯಲ್ಲಿದ್ದ ಒಂದರಲ್ಲಿ ಅರ್ಧ ಶುರುವಾಗೋಕೆ ಮುಂಚೆಯೇ ಖಾಲಿ. ಆರನೇ ಸ್ಲೈಡ್ ಮುಗಿದಾಗ ಫೋನಲ್ಲಿ 2:05. ಇಪ್ಪತ್ತು ಸೆಕೆಂಡ್ ಹಿಂದೆ. ನಾನು ಪಕ್ಕಕ್ಕೆ ನೋಡಿದೆ, ಅವಳು ಹಾಳೆ ನೋಡಿ ತಲೆ ಆಡಿಸಿದಳು, ಲೇಔಟ್ ಸ್ಲೈಡ್ ಬಂದಾಗ "ಇದು ಶಾಪಿನ ಲೇಔಟ್" ಅಂತಷ್ಟೇ ಹೇಳಿ ಮುಂದೆ ಒತ್ತಿದಳು.

ಹತ್ತನೇ ಸ್ಲೈಡ್ 4:45ಕ್ಕೇ ಮುಗೀತು. ಮೌನದ ಹತ್ತು ಸೆಕೆಂಡ್ ಹತ್ತು ನಿಮಿಷದ ಹಾಗಿತ್ತು, ಆದ್ರೆ ಅಷ್ಟರಲ್ಲಿ ಎಕ್ಸ್‌ಟರ್ನಲ್ ಕನ್ನಡಕ ಹಾಕ್ಕೊಂಡು ಮುಂದೆ ಬಗ್ಗಿದ್ರು. ಹನ್ನೆರಡರಲ್ಲಿ ರಿಪೇರಿ ನಂತರದ ರೀಡಿಂಗ್: ಲೋಡ್ 75 ಸೆಕೆಂಡ್, ಅನ್‌ಲೋಡ್ 675. ಹತ್ತು ಪರ್ಸೆಂಟ್. ಅವರೇ ಮನಸ್ಸಲ್ಲಿ ಭಾಗಿಸ್ತಾ ಇರೋದು ಕಾಣ್ತಿತ್ತು.

ಮೊದಲ ಪ್ರಶ್ನೆ ಬಂದಿದ್ದು ಹತ್ತನೇ ಸ್ಲೈಡ್ ಮೇಲೇ. "ಅರ್ಧ ಗಂಟೆ ಊಟದ ಬ್ರೇಕಲ್ಲಿ ಎರಡನೇ ಸಲ ಎಷ್ಟು ಸೈಕಲ್ ತಗೊಂಡ್ರಿ?" ಒಂದು ಸೈಕಲ್ ಹನ್ನೆರಡೂವರೆ ನಿಮಿಷ, ಹಾಗಾಗಿ ದಿನಕ್ಕೆ ಎರಡೇ ಸಾರ್, ಅಂದ್ವಿ. "ಯಾರು ಬರೆದ್ಕೊಂಡ್ರು?" ಸೂಪರ್‌ವೈಸರ್ ಅಣ್ಣನ ವಿಷಯ ಹೇಳಿದ್ವಿ.

ಸಾಯಂಕಾಲ ಅಣ್ಣಂಗೆ ಫೋನ್ ಮಾಡಿದೆ. "ನಮ್ಮ ಟೇಬಲ್ ನೋಡಿದ್ರಾ?" ಅಂತ ಕೇಳಿದ್ರು. ಎಪ್ಪತ್ತೈದು ಸೆಕೆಂಡ್ ನೋಡಿದ್ರು ಅಣ್ಣ, ಅಂದೆ. ನಕ್ಕರು. ಊಟ ಆಯ್ತಾ ಅಂತ ಕೇಳಿದ್ರು.

#ರಿವ್ಯೂವಾರ #ಸ್ಲೈಡುಗಡಿಯಾರ #ಪೀಣ್ಯ